ಕಂಬ ಎಣಿಸುವ ನಾಲ್ಕು ದಾರಿ: ರ‍್ಯಾಂಕ್ ಇಲ್ಲದ ಯೂನಿಯನ್-ಫೈಂಡ್ ನನಗೆ ಕೊಟ್ಟ ಕಾಟ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಪಾತ್ ಕಂಪ್ರೆಷನ್ ಮತ್ತು ಯೂನಿಯನ್ ಬೈ ರ‍್ಯಾಂಕ್ ಎರಡೂ ಇರುವ, ಯಾವುದು ಯಾವ ಗುಂಪಿನಲ್ಲಿದೆ ಎಂದು ಲೆಕ್ಕ ಇಡುವ ಯೂನಿಯನ್-ಫೈಂಡ್‌ಗೆ. ಒಂದೇ ಸಾಕು ಎಂದುಕೊಂಡು ಒಂದು ರಾತ್ರಿ ಹಾಳುಮಾಡಿಕೊಂಡವನು ನಾನು.

ಹಾಸನದಲ್ಲಿ ಕೇಬಲ್ ವ್ಯವಹಾರ ನಡೆಸುವ ನನ್ನ ಭಾವ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿನವರೆಗೆ ಫೈಬರ್ ಎಳೆಯುವ ಲೆಕ್ಕ ಹಾಕುತ್ತಿದ್ದರು. ದಾರಿಯುದ್ದಕ್ಕೂ 1,500 ಕಂಬಗಳು, ಅಕ್ಕಪಕ್ಕದ ಊರುಗಳ ಒಳರಸ್ತೆಗಳಲ್ಲಿ ಇನ್ನೂ 220. ಎಲ್ಲ ಕಂಬಗಳನ್ನೂ ಮುಟ್ಟಬೇಕು, ಕೇಬಲ್ ಮಾತ್ರ ಆದಷ್ಟು ಕಡಿಮೆ ಆಗಬೇಕು. ಇದಕ್ಕೆ ಕ್ರುಸ್ಕಲ್ ವಿಧಾನ ಹೇಳಿ ಮಾಡಿಸಿದ್ದು. ಕಂಬಗಳ ನಡುವಿನ ದೂರಗಳನ್ನು ಏರಿಕೆಯಲ್ಲಿ ಜೋಡಿಸಿ, ಚಿಕ್ಕದರಿಂದ ಆರಂಭಿಸಿ, ಎರಡು ಬೇರೆ ಬೇರೆ ಗುಂಪುಗಳನ್ನು ಸೇರಿಸುವ ಕೊಂಡಿಯನ್ನು ಇಟ್ಟುಕೊಳ್ಳುವುದು, ಒಂದೇ ಗುಂಪಿನೊಳಗೆ ಸುತ್ತು ಹಾಕುವುದನ್ನು ಬಿಡುವುದು. ‘ಒಂದೇ ಗುಂಪೇ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ರೀತಿಯಲ್ಲೇ ನನ್ನ ನಾಲ್ಕು ಪ್ರಯೋಗಗಳ ವ್ಯತ್ಯಾಸ ಇರುವುದು. (ಚೆಕ್ ಗಣಿತಜ್ಞ ಬೊರೂವ್ಕಾ 1926ರಲ್ಲಿ ಇದೇ ಸಮಸ್ಯೆಯನ್ನು ಎತ್ತಿಕೊಂಡದ್ದೂ ಮೊರಾವಿಯಾದ ವಿದ್ಯುತ್ ಜಾಲಕ್ಕಾಗಿಯೇ. ಕ್ರುಸ್ಕಲ್ ತಮ್ಮ ವಿಧಾನ ಪ್ರಕಟಿಸಿದ್ದು 1956ರಲ್ಲಿ.)

ಮೊದಲನೆಯದು ಬಣ್ಣ ಬಳಿಯುವ ದಾರಿ. ಪ್ರತಿ ಕಂಬಕ್ಕೂ ಒಂದು ಗುಂಪಿನ ಸಂಖ್ಯೆ, ಎರಡು ಗುಂಪು ಸೇರಿದಾಗ ಇಡೀ ಪಟ್ಟಿ ಓಡಿ ಒಂದು ಸಂಖ್ಯೆಯನ್ನು ಇನ್ನೊಂದಕ್ಕೆ ಬದಲಿಸುವುದು. 1,720 ಕಂಬಗಳಿಗೆ ಸುಮಾರು 30 ಲಕ್ಷ ನೋಟ ಬೇಕು, ನನ್ನ ಹಳೆಯ ಲ್ಯಾಪ್‌ಟಾಪಿಗೂ ಅದು ಭಾರವಲ್ಲ. ಒಂದು ಲಕ್ಷ ಕಂಬಗಳಾದರೆ ಸಾವಿರ ಕೋಟಿ. ಭಾವನ ವ್ಯವಹಾರ ಅಷ್ಟು ಬೆಳೆಯುವ ಲಕ್ಷಣವಿಲ್ಲ, ಆದರೂ ಬಿಟ್ಟೆ.

ಎರಡನೆಯದೇ ನನ್ನ ಕಾಟದ ಮೂಲ: ಪಾತ್ ಕಂಪ್ರೆಷನ್ ಮಾತ್ರ ಇರುವುದು. ಪ್ರತಿ ಕಂಬ ತನ್ನ ಮೇಲಿನ ಇನ್ನೊಂದನ್ನು ತೋರಿಸುತ್ತದೆ, ಮೇಲೇರುತ್ತಾ ಹೋದರೆ ಗುಂಪಿನ ಬೇರು ಸಿಗುತ್ತದೆ. ಹತ್ತಿದ ಮೇಲೆ ದಾರಿಯಲ್ಲಿ ಸಿಕ್ಕ ಎಲ್ಲವನ್ನೂ ನೇರವಾಗಿ ಬೇರಿಗೇ ಕಟ್ಟುವುದು ಕಂಪ್ರೆಷನ್. ಹೀಗೆ ಬರೆದಿದ್ದೆ:

```python
def find(x):
    if p[x] != x:
        p[x] = find(p[x])
    return p[x]

def union(u, v):
    p[find(u)] = find(v)
```

ಊರೊಳಗಿನ 40 ಕಂಬಗಳ ಮೇಲೆ ಪರೀಕ್ಷಿಸಿದಾಗ ಚೆನ್ನಾಗಿಯೇ ನಡೆಯಿತು. ಪೂರ್ಣ ಪಟ್ಟಿ ಕೊಟ್ಟೊಡನೆ `RecursionError`. ಪೈಥಾನ್ ತನ್ನನ್ನೇ ತಾನು ಕರೆದುಕೊಳ್ಳುವ ಆಳಕ್ಕೆ ಸಾಮಾನ್ಯವಾಗಿ 1,000ದ ಮಿತಿ ಇಡುತ್ತದೆ. ಅದನ್ನು ದಾಟಿದ್ದೆ ಎಂಬುದು ತಕ್ಷಣ ತಿಳಿಯಿತು. ತಿಳಿಯದೇ ಹೋದದ್ದು ಇಷ್ಟೇ: ದಾರಿಯನ್ನು ಮೊಟಕುಗೊಳಿಸಲೆಂದೇ ಕಂಪ್ರೆಷನ್ ಹಾಕಿದ್ದೇನೆ, ಮತ್ತೆ ಸಾವಿರ ಮೆಟ್ಟಿಲು ಎಲ್ಲಿಂದ ಬಂತು?

ಕಾಗದದ ಮೇಲೆ ಬರೆದು ನೋಡಿದ ಮೇಲೆ ಗುಟ್ಟು ಹೊರಬಿತ್ತು. ಭಾವನ ಹುಡುಗರು ಹೆದ್ದಾರಿಯ ಕಂಬಗಳ ಅಂತರವನ್ನು ಹೆಜ್ಜೆ ಹಾಕಿ ಅಳೆದು, ಎಲ್ಲಕ್ಕೂ 40 ಮೀಟರ್ ಎಂದೇ ಬರೆದಿದ್ದರು. ದೂರ ಸಮವಾಗಿದ್ದರೆ ಪೈಥಾನಿನ ಜೋಡಣೆ ಮೂಲ ಕ್ರಮವನ್ನು ಕದಲಿಸುವುದಿಲ್ಲ. ಹಾಗಾಗಿ ಕೊಂಡಿಗಳು ಹಾಸನದಿಂದ ಸಾಲಾಗಿ ಬಂದವು: (0,1), (1,2), (2,3). ಮೊದಲನೆಯದರಲ್ಲಿ 0 ಹೋಗಿ 1ರ ಕೆಳಗೆ ಸೇರಿತು. ಎರಡನೆಯದರಲ್ಲಿ 1 ಹೋಗಿ 2ರ ಕೆಳಗೆ, ಮೂರನೆಯದರಲ್ಲಿ 2 ಹೋಗಿ 3ರ ಕೆಳಗೆ. ಪ್ರತಿ ಬಾರಿಯೂ `find` ಕೇಳಿದ್ದು ಆಗಷ್ಟೇ ಗುಂಪಿನ ಬೇರಾಗಿದ್ದ ಕಂಬವನ್ನು, ಆದ್ದರಿಂದ ಹತ್ತುವ ದಾರಿಯೇ ಇರಲಿಲ್ಲ, ಮೊಟಕಾಗುವುದಕ್ಕೂ ಏನೂ ಇರಲಿಲ್ಲ. ಸದ್ದಿಲ್ಲದೆ 1,499 ಮೆಟ್ಟಿಲಿನ ಏಣಿ ನಿಂತಿತು. ಆಮೇಲೆ 55 ಮೀಟರಿನ ಒಂದು ಕೊಂಡಿ ಬಂತು, ಹಾಸನದ ಮೊದಲ ಕಂಬದಿಂದ ಪಕ್ಕದ ಓಣಿಗೆ. `find(0)` ಎಂದೊಡನೆ ಇಡೀ ಏಣಿ ಹತ್ತಬೇಕಾಯಿತು, ಅಲ್ಲೇ ಬಿತ್ತು. 40 ಕಂಬಗಳಲ್ಲಿ ಇದು ಕಾಣಿಸದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಕೆಣಕುವ ಸಂಗತಿ: ಆ ಕೊನೆಯ ಸಾಲನ್ನು `p[find(v)] = find(u)` ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಎಲ್ಲ ಕಂಬಗಳೂ ನೇರವಾಗಿ 0ಯ ಕೆಳಗೇ ಬಂದು ಕೂರುತ್ತಿದ್ದವು. ಎರಡು ಅಕ್ಷರ ಅದಲುಬದಲಾದರೆ ಉಳಿಯುವ, ಪಟ್ಟಿ ಬರೆದವನು ಜೋಡಿಯನ್ನು (1,0) ಎಂದು ತಿರುಗಿಸಿದರೆ ಮತ್ತೆ ಬೀಳುವ ಕೋಡನ್ನು ನಂಬುವುದು ಹೇಗೆ? ಆ ರಾತ್ರಿ `sys.setrecursionlimit(5000)` ಎಂದು ಹಾಕಿ ಉತ್ತರ ತೆಗೆದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದು ಸೋರುವ ಹೆಂಚಿನ ಕೆಳಗೆ ಬಕೆಟ್ ಇಟ್ಟಂತೆ, ಕಂಬ ಹೆಚ್ಚಿದರೆ ದೊಡ್ಡ ಬಕೆಟ್ ಹುಡುಕಬೇಕು.

ಮೂರನೆಯದು ಬೇರಿನ ಕೆಳಗಿನ ಮೆಟ್ಟಿಲುಗಳ ಲೆಕ್ಕವಾದ ರ‍್ಯಾಂಕ್ ಮಾತ್ರ. ಕಡಿಮೆ ರ‍್ಯಾಂಕಿನ ಬೇರನ್ನು ಹೆಚ್ಚಿನದರ ಕೆಳಗೆ ಸೇರಿಸಬೇಕು, ಎರಡೂ ಸಮವಾಗಿದ್ದರೆ ಮಾತ್ರ ಗೆದ್ದ ಬೇರಿನ ರ‍್ಯಾಂಕ್ ಒಂದು ಏರಬೇಕು. ರ‍್ಯಾಂಕ್ 1 ಆಗಲು ಕನಿಷ್ಠ 2 ಕಂಬ ಬೇಕು, 2 ಆಗಲು 4, 3 ಆಗಲು 8. ಹೀಗೆ ದುಪ್ಪಟ್ಟಾಗುತ್ತಾ ಹೋದರೆ 10ಕ್ಕೆ 1,024 ಕಂಬ, 11ಕ್ಕೆ 2,048. ನನ್ನ ಬಳಿ ಇರುವುದು 1,720, ಆದ್ದರಿಂದ ಯಾರು ಯಾವ ಕ್ರಮದಲ್ಲಿ ಪಟ್ಟಿ ಕೊಟ್ಟರೂ ಹತ್ತು ಮೆಟ್ಟಿಲಿಗಿಂತ ಹೆಚ್ಚು ಹತ್ತಬೇಕಾಗಿಲ್ಲ. ನನ್ನ ಪಟ್ಟಿಯಲ್ಲಂತೂ ಹೆದ್ದಾರಿಯ ಕಂಬಗಳೆಲ್ಲ ಒಂದೇ ಮೆಟ್ಟಿಲಿನಲ್ಲಿ ಮುಗಿದವು. ಕೊನೆಯ ಸೇರ್ಪಡೆಯನ್ನು ವಾಪಸು ತೆಗೆಯಬೇಕಾದವರಿಗೆ ಇದೇ ಸರಿಯಾದದ್ದು, ಏಕೆಂದರೆ `find` ಇಲ್ಲಿ ಏನನ್ನೂ ತಿದ್ದುವುದಿಲ್ಲ. ನನಗೆ ಆ ಅಗತ್ಯ ಬಂದಿಲ್ಲ.

ನಾಲ್ಕನೆಯದು, ಈಗ ನಾನು ಇಟ್ಟುಕೊಂಡಿರುವುದು:

```python
def find(x):
    while p[x] != x:
        p[x] = p[p[x]]
        x = p[x]
    return x

def union(u, v):
    a, b = find(u), find(v)
    if a == b:
        return False
    if r[a] < r[b]:
        a, b = b, a
    p[b] = a
    if r[a] == r[b]:
        r[a] += 1
    return True
```

ಇಲ್ಲಿ ದಾರಿಯ ಒಂದು ಬಿಟ್ಟು ಒಂದು ಕಂಬವನ್ನು ಅದರ ಅಜ್ಜನಿಗೆ ಕಟ್ಟುತ್ತಾ ಮೇಲೇರುತ್ತೇವೆ. ಕಂಪ್ರೆಷನ್‌ನ ಸರಳ ರೂಪ ಇದು, ತನ್ನನ್ನು ತಾನು ಕರೆದುಕೊಳ್ಳುವ ಗೋಜೂ ಇಲ್ಲ. ಕಂಪ್ರೆಷನ್ ಬಂದ ಮೇಲೆ ರ‍್ಯಾಂಕ್ ನಿಜವಾದ ಎತ್ತರ ಅಲ್ಲ, ಎತ್ತರ ಅದಕ್ಕಿಂತ ಹೆಚ್ಚಿರಲಾರದು ಎಂಬ ಅಂದಾಜು ಮಾತ್ರ. ಅದನ್ನು ಸರಿಪಡಿಸಲು ಹೋಗಬೇಡಿ. ಹೋಲಿಸಬೇಕಾದದ್ದು `r[a]`, `r[b]`. ಅವಸರದಲ್ಲಿ `r[u]`, `r[v]` ಎಂದು ಬರೆದರೆ ಕೋಡ್ ದೂರು ಹೇಳದೆ ಓಡುತ್ತದೆ, ಏಣಿ ಮಾತ್ರ ಮತ್ತೆ ಬೆಳೆಯಬಹುದು.

ವೇಗದ ಬಗ್ಗೆ ಒಂದೇ ಮಾತು. ಎರಡೂ ಸೇರಿದಾಗ ಪ್ರತಿ ಪ್ರಶ್ನೆಗೆ ಸರಾಸರಿ ಖರ್ಚು ಬಹುತೇಕ ಸ್ಥಿರ ಎಂದು ಟಾರ್ಜನ್ 1975ರಲ್ಲೇ ತೋರಿಸಿದ್ದಾರೆ. ಆದರೆ ಸಮಯ ನಿಜವಾಗಿ ಹೋಗುವುದು ದೂರಗಳನ್ನು ಏರಿಕೆಯಲ್ಲಿ ಜೋಡಿಸುವುದರಲ್ಲಿ. ಎಲ್ಲ ಕಂಬಗಳನ್ನೂ ಎಲ್ಲಕ್ಕೂ ಜೋಡಿ ಮಾಡಿದರೆ ಸುಮಾರು 15 ಲಕ್ಷ ಕೊಂಡಿಗಳಾಗುತ್ತವೆ. ಚಿಕ್ಕಮಗಳೂರಿನ ಕಂಬಕ್ಕೂ ಹಾಸನದ ಕಂಬಕ್ಕೂ ನೇರ ಕೇಬಲ್ ಯಾರೂ ಎಳೆಯುವುದಿಲ್ಲವಾದ್ದರಿಂದ 150 ಮೀಟರ್ ಒಳಗಿನ ಜೋಡಿಗಳನ್ನಷ್ಟೇ ಉಳಿಸಿಕೊಂಡೆ.

ಅದೇ ಇನ್ನೊಂದು ತೊಂದರೆ ತಂದಿತು. ನಾಲ್ಕೂ ದಾರಿಗಳಲ್ಲಿ ಒಟ್ಟು ಉದ್ದ ಮೀಟರಿಗೆ ಮೀಟರ್ ಒಂದೇ ಬಂತು, ನೋಡಿ ಭಾವ ಖುಷಿಪಟ್ಟರು. ನಾನು `True` ಬಂದ ಸಲಗಳನ್ನು ಎಣಿಸಿದೆ: 1,718. 1,720 ಕಂಬಗಳೂ ಒಂದೇ ಗುಂಪಾಗಿದ್ದರೆ 1,719 ಇರಬೇಕಿತ್ತು.

“ಒಂದು ತಾನೇ ಕಡಿಮೆ?” ಎಂದರು.

“ಭಾವ, ಒಂದು ಕಡಿಮೆ ಅಂದರೆ ಎರಡು ತುಂಡು ಅಂತ ಅರ್ಥ” ಎಂದೆ.

ಪ್ರತಿ ಕಂಬಕ್ಕೂ `find` ಕೇಳಿ ಗುಂಪು ಬೇರ್ಪಡಿಸಿದಾಗ ಹಳ್ಳದಾಚೆಯ ಹನ್ನೊಂದು ಕಂಬಗಳು ತಮ್ಮದೇ ಬೇರು ಹಿಡಿದು ಕುಳಿತಿದ್ದವು. ಹಳ್ಳದ ಅಗಲ ಸೇರಿ ಹತ್ತಿರದ ಕಂಬ 170 ಮೀಟರ್ ದೂರ. ಮಿತಿಯನ್ನು 200ಕ್ಕೆ ಏರಿಸಿದೆ, 1,719 ಬಂತು, ಅಂದಾಜಿಗೆ 170 ಮೀಟರ್ ಕೇಬಲ್ ಸೇರಿತು.