ಎರಡು ವರ್ಷ ಬಳಸಿದ ಪ್ರವಾಸದ ಬಟ್ಟೆ: ಕೊಳ್ಳುವ ಮುಂಚೆ ಜೇಬಿನೊಳಗೆ ಕೈಹಾಕಿ ನೋಡಿ

ನಮ್ಮದು ಬಳ್ಳಾರಿ, ಜೀನ್ಸ್ ಹೊಲಿಯುವ ಊರು. ಇಂಥ ಊರಲ್ಲಿದ್ದುಕೊಂಡು ಆನ್‌ಲೈನ್‌ನಲ್ಲಿ 1,600 ರೂಪಾಯಿಗೆ ನೈಲಾನ್ ಪ್ಯಾಂಟು ತರಿಸಿದಾಗ ಅಮ್ಮ ಮುಟ್ಟಿ ನೋಡಿ, "ಊರ ತುಂಬಾ ಪ್ಯಾಂಟು ಹೊಲೀತಾರ, ನೀನು ಛತ್ರಿ ಬಟ್ಟೆ ತಂದೀಯಲ್ಲೋ" ಅಂದಳು. ಅದರ ಜೊತೆಗೆ ಒಂದು ಪಾಲಿಯೆಸ್ಟರ್ ಅಂಗಿ, ‘ಸುಕ್ಕಾಗದ ಕಾಟನ್’ ಎಂದು ಚೀಟಿ ಅಂಟಿಸಿದ್ದ ಇನ್ನೊಂದು ಅಂಗಿ. ಮೂರನ್ನೂ ಎರಡು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಒಗೆದರೆ ಬೇಗ ಒಣಗುತ್ತವೆಯೇ ಎಂದು ಮನೆಯಲ್ಲಿ ಪರೀಕ್ಷೆ ಮಾಡಿದಾಗ ಮೂರೂ ಪಾಸಾದವು. ಆದರೆ ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮಾಳಿಗೆ ಮೇಲೆ ಹಾಕಿದರೆ ಜೀನ್ಸ್ ಕೂಡ ಮಧ್ಯಾಹ್ನದೊಳಗೆ ಒಣಗುತ್ತದೆ. ನಮ್ಮ ಒಣ ಗಾಳಿಯಲ್ಲಿ ಎಲ್ಲ ಬಟ್ಟೆಯೂ ಒಳ್ಳೇ ಬಟ್ಟೆಯೇ. ನಿಜ ಗೊತ್ತಾಗಿದ್ದು ಜುಲೈನಲ್ಲಿ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಖುರ್ದಾ ರೋಡ್‌ನಲ್ಲಿ ಇಳಿದು ಪುರಿಗೆ ಹೋದೆವು. ಅಲ್ಲಿಂದ ಕೋಲ್ಕತ್ತಾ, ಡಾರ್ಜಿಲಿಂಗ್, ಒಟ್ಟು 18 ದಿನ.

ಪುರಿಯ ಮೊದಲ ರಾತ್ರಿ ಒಂಬತ್ತಕ್ಕೆ ಒಗೆದು ಲಾಡ್ಜ್ ಕೋಣೆಯಲ್ಲೇ ಹಗ್ಗ ಕಟ್ಟಿ ಹಾಕಿದೆ. ಬೆಳಿಗ್ಗೆ ಆರಕ್ಕೆ ಪಾಲಿಯೆಸ್ಟರ್ ಅಂಗಿ ಪೂರ್ತಿ ಒಣಗಿತ್ತು. ಕಾಟನ್ ಅಂಗಿಯ ಕಾಲರು, ತೋಳಿನ ತುದಿ ಇನ್ನೂ ಹಸಿ. ಪ್ಯಾಂಟು ಮುಟ್ಟಿದರೆ ಒಣಗಿದೆ ಅನ್ನಿಸಿತು, ಹಾಕಿಕೊಂಡೆ. ಹತ್ತು ನಿಮಿಷದಲ್ಲಿ ತೊಡೆಯ ಮೇಲೆ ತಣ್ಣಗೆ ತೇವ. ಜೇಬು ಹೊರಗೆ ತೆಗೆದು ನೋಡಿದರೆ ಒಳಗಿನ ಅಸ್ತರು ದಪ್ಪ ಕಾಟನ್! ಸೊಂಟಪಟ್ಟಿಯ ಒಳಗೂ ಅದೇ. ಹೊರಗಿನ ನೈಲಾನ್ ತನ್ನ ಕೆಲಸ ಮಾಡಿತ್ತು, ಹೊಲಿದವರು ಒಳಗೆ ಉಳಿತಾಯ ಮಾಡಿದ್ದರು. ಚೀಟಿಯಲ್ಲಿ ಬರೆದಿರುವುದು ಬಹುಮಟ್ಟಿಗೆ ಹೊರಬಟ್ಟೆಯ ಹೆಸರು ಮಾತ್ರ.

ಕಾಟನ್ ನೂಲು ನೀರನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆಯೊಳಗೆ ನೀರು ಹೋಗುವುದಿಲ್ಲ ಅಂದರೂ ಸರಿ, ಎಳೆಗಳ ನಡುವೆ ನಿಲ್ಲುತ್ತದೆ, ಹಾಗಾಗಿ ಹಿಂಡಿದರೆ ಬರುತ್ತದೆ. ಊರಿಗೆ ಬಂದ ಮೇಲೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಪಾಲಿಯೆಸ್ಟರ್ ಅಂಗಿ ಒಣಗಿದ್ದಾಗ 140 ಗ್ರಾಂ, ಕೈಯಲ್ಲಿ ಹಿಂಡಿದ ಮೇಲೆ 250. ಅದನ್ನು ಒಣ ಟವೆಲಿನ ಮೇಲೆ ಹರವಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ನಿಂತು ತುಳಿದರೆ 180ಕ್ಕೆ ಇಳಿಯಿತು. ಈ ಒಂದು ನಿಮಿಷದ ತುಳಿತ ರಾತ್ರಿಯ ಅರ್ಧ ಕೆಲಸ ಮುಗಿಸುತ್ತದೆ. ಕಾಟನ್ ಅಂಗಿಗೆ ಅದೇ ಸೇವೆ ಮಾಡಿದರೂ 230 ಗ್ರಾಂ ಇದ್ದದ್ದು 340ರಲ್ಲೇ ನಿಂತಿತು. ಆ 110 ಗ್ರಾಂ ನೀರು ಗಾಳಿಗೆ ಹೋಗಬೇಕು. ಪುರಿಯ ಗಾಳಿಗೆ ಅದನ್ನು ತೆಗೆದುಕೊಳ್ಳುವ ಮನಸ್ಸಿಲ್ಲ. ಫ್ಯಾನಿನ ಕೆಳಗೆ ಹಾಕದೆ ಬಚ್ಚಲಲ್ಲಿ ಹಾಕಿದರಂತೂ ಪಾಲಿಯೆಸ್ಟರನ್ನೂ ನಂಬಬೇಡಿ.

ಸುಕ್ಕಿನ ವಿಷಯ. ‘ಸುಕ್ಕಾಗದ ಕಾಟನ್’ ಮೊದಲ ವರ್ಷ ಇಸ್ತ್ರಿ ಕೇಳಲಿಲ್ಲ, ನಿಜ. ಇಂಥ ಬಟ್ಟೆಯ ನೂಲಿಗೆ ರಾಳದಂಥ ರಾಸಾಯನಿಕ ಕೊಟ್ಟು, ಎಳೆ ಮಡಚಿಕೊಂಡ ಜಾಗದಲ್ಲೇ ಕೂರದಂತೆ ಬಿಗಿ ಮಾಡಿರುತ್ತಾರೆ. ಆ ಬಿಗಿಯಿಂದಲೇ ನೂಲು ಗಟ್ಟಿತನ ಕಳೆದುಕೊಳ್ಳುತ್ತದೆ. ನನ್ನದು ನಲವತ್ತು ಒಗೆತದ ಆಸುಪಾಸಿಗೆ ಕಾಲರಿನ ಮಡಿಕೆಯಲ್ಲಿ ಬಿಚ್ಚಿಕೊಳ್ಳತೊಡಗಿತು, ಸುಕ್ಕೂ ಹಿಂದಿರುಗಿತು.

ಪಾಲಿಯೆಸ್ಟರ್ ಅಂಗಿಯನ್ನು ಕೆಡಿಸಿದ್ದು ನಾನೇ. ಡಾರ್ಜಿಲಿಂಗ್ ಚಳಿಗೆ ಹೆದರಿ ಕೈ ಇಡಲಾಗದಷ್ಟು ಬಿಸಿ ನೀರಲ್ಲಿ ನೆನೆಸಿ, ಬಿಸಿ ಇರುವಾಗಲೇ ತಿರುಚಿ ಹಿಂಡಿದೆ. ಪಾಲಿಯೆಸ್ಟರ್ ಬಿಸಿಯಲ್ಲಿ ಮೆದುವಾಗಿ, ತಣ್ಣಗಾಗುವಾಗ ಯಾವ ಆಕಾರದಲ್ಲಿತ್ತೋ ಅದನ್ನೇ ಹಿಡಿಯುತ್ತದೆ. ಬೆನ್ನ ಮೇಲೆ ತಿರುಚಿದ ಗೆರೆಗಳು ಹಾಗೇ ಕೂತವು. ಮನೆಗೆ ಬಂದು ನಡುವೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದ ಮೇಲೆ ಮುಕ್ಕಾಲು ಪಾಲು ಹೋಗಿವೆ. ಈಗ ತಣ್ಣೀರು, ತಿರುಚದೆ ಒತ್ತಿ ಹಿಂಡುವುದು, ಹ್ಯಾಂಗರಿಗೆ ಹಾಕಿ ಗುಂಡಿಪಟ್ಟಿ ಎಳೆದು ಬಿಡುವುದು, ಅಷ್ಟೇ. ಕಂಕುಳ ವಾಸನೆ ಮಾತ್ರ ಈ ಬಟ್ಟೆಯ ದೊಡ್ಡ ಕೊರತೆ. ಮೈಯ ಜಿಡ್ಡು ಅಂಟಿಕೊಂಡರೆ ಬರೀ ಜಾಲಿಸಿದರೆ ಹೋಗದು, ಆ ಜಾಗಕ್ಕೆ ಸೋಪು ಹಚ್ಚಿ ತಿಕ್ಕಲೇಬೇಕು. ದಿನಾ ಸಂಜೆ ಒಗೆಯಲು ಬೇಜಾರು ಇರುವವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು.

ಪ್ಯಾಂಟನ್ನು ಕೊನೆಗೆ ಓಣಿಯ ಜೀನ್ಸ್ ಟೇಲರ್ ಅಣ್ಣನ ಹತ್ತಿರ ಒಯ್ದೆ. ಎರಡೂ ಜೇಬಿನ ಅಸ್ತರು ಬಿಚ್ಚಿ ಆಟದ ಬನಿಯನ್ನಿನ ಜಾಲರಿ ಬಟ್ಟೆ ಹಾಕಿಕೊಟ್ಟರು, 80 ರೂಪಾಯಿ. ಸೊಂಟಪಟ್ಟಿ ಮುಟ್ಟಲಿಲ್ಲ, "ಅದು ಬಿಚ್ಚಿದ್ರ ಆಕಾರ ಹೋಗ್ತೈತ್ರಿ" ಅಂದರು. ಕಳೆದ ಮಳೆಗಾಲದಲ್ಲಿ ಮಂಗಳೂರಿಗೆ ಅದೇ ಪ್ಯಾಂಟು ಒಯ್ದಿದ್ದೆ. ಒಳಗು ಹೊರಗು ಮಾಡಿ, ಜೇಬು ಜೋತುಬಿಟ್ಟು, ಸೊಂಟ ಫ್ಯಾನಿನ ಕಡೆಗೆ ಮಾಡಿ ಹಾಕಿದ್ದು ಬೆಳಿಗ್ಗೆಗೆ ಒಣಗಿತ್ತು, ಗುಂಡಿಯ ಹಿಂದೆ ಎರಡು ಬೆರಳಷ್ಟು ಜಾಗ ಬಿಟ್ಟು.