ಒಂದೂವರೆ ವರ್ಷ ಇನ್‌ಪೇಂಟಿಂಗ್ ಬಳಸಿದ ಮೇಲೆ: ಆರನೇ ಬೆರಳು, ಓದಲಾಗದ ಬೋರ್ಡು

ರೇಟಿಂಗ್: 5ಕ್ಕೆ 3

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಹಳೆ ಫೋಟೊ ರಿಪೇರಿ ಕೆಲಸ ನಮ್ಮಲ್ಲಿ ಜಾಸ್ತಿ. ಆಲಮಟ್ಟಿ ಹಿನ್ನೀರಲ್ಲಿ ಹಳೆ ಊರಿನ ಎಷ್ಟೋ ಓಣಿಗಳು ಮುಳುಗಿದವು. ಮನೆ, ಅಂಗಡಿ ಹೋಗಿ ಫೋಟೊ ಮಾತ್ರ ಉಳಿದಿದೆ. ಅದನ್ನೇ ಜನ ತರುತ್ತಾರೆ.

ನಾನು ಬಳಸುವುದು ಚಿತ್ರ ಬರೆಯುವ ಎಐ ಸ್ಟೇಬಲ್ ಡಿಫ್ಯೂಷನ್ 1.5ರ ಇನ್‌ಪೇಂಟಿಂಗ್ ಮಾಡೆಲ್. ಉಚಿತ, ನನ್ನ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಹಾಳಾದ ಜಾಗಕ್ಕೆ ಬ್ರಷ್‌ನಿಂದ ಮಾಸ್ಕ್ ಹಾಕಿದರೆ ಅದು ತುಂಬಿಕೊಡುತ್ತದೆ. ಗೋಡೆಯ ಬೂಷ್ಟು, ಮಡಚಿದ ಗೆರೆ, ಇಳಕಲ್ ಸೀರೆಯ ಮಾಸಿದ ಮೈ, ಇವಕ್ಕೆಲ್ಲ ಎರಡು ಮಾತಿಲ್ಲ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ತಕರಾರು ಬೇರೆ ಕಡೆ. ಹೋದ ವರ್ಷ ಒಬ್ಬರು ಅಪ್ಪನ ಬಟ್ಟೆ ಅಂಗಡಿಯ ಫೋಟೊ ತಂದರು. ಅಂಗಡಿ ಮುಂದೆ ಅಪ್ಪ, ಅವ್ವ. ಅವ್ವನ ಬಲಗೈ ಮೇಲೆ ಬಿಳಿ ಕಲೆ. ಬೋರ್ಡಿನಲ್ಲಿ ‘ಬಟ್ಟೆ’ ಓದಬಹುದಿತ್ತು, ‘ಅಂಗಡಿ’ ಅಳಿಸಿಹೋಗಿತ್ತು. ಕೈಗೂ ಅಳಿಸಿದ ಅಕ್ಷರಕ್ಕೂ ಮಾಸ್ಕ್ ಹಾಕಿ ಓಡಿಸಿ, ದೂರದಿಂದ ನೋಡಿ ಚಂದ ಬಂತು ಅಂತ ಪ್ರಿಂಟ್ ಕೊಟ್ಟುಬಿಟ್ಟೆ. ಮರುದಿನ ಆ ಅಜ್ಜಿಯೇ ಬಂದರು. “ಯಪ್ಪಾ, ನನಗ ಆರು ಬೆರಳು ಯಾವಾಗ ಬಂದ್ವು?” ಎಣಿಸಿದೆ. ಹೌದು, ಆರು. ಬೋರ್ಡಿನಲ್ಲಿ ‘ಬಟ್ಟೆ’ ಆದಮೇಲೆ ಕನ್ನಡದ ಹಾಗೆ ಕಾಣುವ ಮೂರು ಸುರುಳಿ. ಯಾವ ಅಕ್ಷರವೂ ಅಲ್ಲ.

ಯಾಕೆ ಹೀಗೆ ಅಂತ ಆಮೇಲೆ ಕುಳಿತು ಲೆಕ್ಕ ಹಾಕಿದೆ. ಕಲೆ ಕೆಳಗೆ ಏನಿತ್ತು ಅನ್ನುವುದು ಮಾಡೆಲ್‌ಗೆ ಗೊತ್ತಿಲ್ಲ. ಮಾಸ್ಕ್ ಜಾಗದಲ್ಲಿ ಬರೀ ನಾಯ್ಸ್, ಅಂದರೆ ಅರ್ಥವಿಲ್ಲದ ಚುಕ್ಕೆಗಳನ್ನು ಇಟ್ಟುಕೊಂಡು, ಸುತ್ತಲಿನ ಚಿತ್ರ ನೋಡುತ್ತ, 20-30 ಹೆಜ್ಜೆಯಲ್ಲಿ ಅದನ್ನು ಸ್ವಲ್ಪ ಸ್ವಲ್ಪ ತಿಳಿಗೊಳಿಸುತ್ತದೆ. ಅದೂ ಪಿಕ್ಸೆಲ್ ಮೇಲೆ ಅಲ್ಲ. ಚಿತ್ರವನ್ನು ಮೊದಲು ಚೌಕಾಬಾರದ ಮನೆಗಳ ಹಾಗೆ ಹಿಂಡಿಕೊಳ್ಳುತ್ತದೆ. 8×8 ಪಿಕ್ಸೆಲ್‌ಗೆ ಒಂದು ಮನೆ.

ನನ್ನ ಸ್ಕ್ಯಾನ್ 600 ಡಿಪಿಐ, 6×4 ಇಂಚಿನ ಫೋಟೊ, ಅಂದರೆ 3600×2400. ನಾನು ಇಡೀ ಫೋಟೊವನ್ನು 768×512ಕ್ಕೆ ಇಳಿಸಿ ಓಡಿಸಿದ್ದೆ. ಅರ್ಧ ಇಂಚಿನ ಕೈ ಆಗ 64 ಪಿಕ್ಸೆಲ್, ಅಂದರೆ ಅಡ್ಡಲಾಗಿ 8 ಮನೆ. ಅಷ್ಟರಲ್ಲಿ ಐದು ಬೆರಳು, ನಡುವಿನ ಸಂದು, ಬಳೆ ಎಲ್ಲ ಕೂರಬೇಕು! ಎರಡು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಸಿಕ್ಕಿದ್ದು ಒಂದು ಮನೆಗಿಂತ ಚೂರು ಜಾಸ್ತಿ. ಒತ್ತಕ್ಷರದ ಮಾತೇ ಬೇಡ.

ಜಾಗ ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ. ಬೆರಳಿನ ಪಕ್ಕ ಬೆರಳು ಇರುತ್ತದೆ ಅನ್ನುವುದನ್ನು ಮಾಡೆಲ್ ಕಲಿತಿದೆ, ಐದಕ್ಕೆ ನಿಲ್ಲಿಸು ಅಂತ ಎಣಿಸುವವರು ಒಳಗೆ ಯಾರೂ ಇಲ್ಲ. ಕಲಿತ ಫೋಟೊಗಳಲ್ಲೂ ಕೈ ಒಂದೊಂದು ಥರ: ಮುಷ್ಟಿ, ಅರ್ಧ ಮುಚ್ಚಿದ್ದು, ಏನೋ ಹಿಡಿದದ್ದು. ಗೋಡೆಯಲ್ಲಿ ಒಂದು ಇಟ್ಟಿಗೆ ಜಾಸ್ತಿಯಾದರೆ ಯಾರು ನೋಡುತ್ತಾರೆ? ಬೆರಳು ಹಾಗಲ್ಲವಲ್ಲ. ಅಕ್ಷರವೂ ಅದಕ್ಕೆ ಬರೀ ಆಕಾರ. ಪ್ರಾಂಪ್ಟ್‌ನಲ್ಲಿ ‘ಅಂಗಡಿ’ ಅಂತ ಕನ್ನಡದಲ್ಲೇ ಬರೆದು ನೋಡಿದೆ, ಏನೂ ಪ್ರಯೋಜನವಿಲ್ಲ. ಪ್ರಾಂಪ್ಟ್ ಓದುವ ಭಾಗ ಹೆಚ್ಚಾಗಿ ಇಂಗ್ಲಿಷ್ ಶೀರ್ಷಿಕೆಗಳಿಂದ ಕಲಿತದ್ದು. ಅಲ್ಲೂ ಅದು ಪದವನ್ನು ತುಂಡು ತುಂಡಾಗಿ ನೋಡುತ್ತದೆ, ಒಂದೊಂದೇ ಅಕ್ಷರ ಓದುವುದಿಲ್ಲ.

ಈಗ ಕೈಗೆ, ಮಾಡೆಲ್ ಓಡಿಸುವ ಸಾಫ್ಟ್‌ವೇರಿನಲ್ಲಿ `Only masked` ಆನ್ ಮಾಡುತ್ತೇನೆ. ಇಳಿಸದ ಸ್ಕ್ಯಾನ್‌ನಿಂದ ಮಾಸ್ಕ್ ಸುತ್ತಲಿನ ತುಂಡನ್ನಷ್ಟೇ ಕತ್ತರಿಸಿ 512×512ಕ್ಕೆ ಹೊಂದಿಸಿ ಕೆಲಸ ಮಾಡಿ, ವಾಪಸ್ ಅಂಟಿಸುತ್ತದೆ. `Only masked padding`, ಅಂದರೆ ಮಾಸ್ಕ್ ಸುತ್ತ ಸೇರಿಸುವ ಅಂಚು, ಮೊದಲೇ 32 ಪಿಕ್ಸೆಲ್ ಇರುತ್ತದೆ. ಅಷ್ಟೇ ಬಿಟ್ಟರೆ ಕೈಗೆ 50ಕ್ಕೂ ಹೆಚ್ಚು ಮನೆ ಸಿಗುತ್ತವೆ, ಆದರೆ ಮೊಣಕೈ ಯಾವ ಕಡೆ ಅಂತ ಅದಕ್ಕೆ ಕಾಣುವುದಿಲ್ಲ, ಕೈ ತಿರುಚಿಕೊಳ್ಳುತ್ತದೆ. 150 ಇಟ್ಟೆ. 32 ಮನೆ ಸಿಕ್ಕವು, ತೋಳೂ ಕಂಡಿತು. ಅರ್ಧ ಕೈಗೆ ಮಾಸ್ಕ್ ಹಾಕಬೇಡಿ, ಪೂರ್ತಿ ಕೈಗೆ ಹಾಕಿ. ಅದಕ್ಕೂ ಮೊದಲು ಗಿಂಪ್‌ನಲ್ಲಿ ಚರ್ಮದ ಬಣ್ಣದಲ್ಲಿ ಐದು ಬೆರಳು ಒರಟಾಗಿ ಬರೆದು, `Masked content` ಅನ್ನು `original` ಮಾಡಿ, `Denoising strength` ಸುಮಾರು 0.5 ಇಡಿ. 0.8 ದಾಟಿದರೆ ನಿಮ್ಮ ಬೆರಳು ಬಿಟ್ಟು ತನ್ನದೇ ಬರೆಯುತ್ತದೆ. ಇಷ್ಟಾದರೂ ನಾಲ್ಕೈದು ಸಲ ಓಡಿಸಿ ಒಂದನ್ನು ಆರಿಸಬೇಕು. ಪ್ರಿಂಟ್‌ಗೆ ಮೊದಲು 200% ಹಿಗ್ಗಿಸಿ ಬೆರಳು ಎಣಿಸುವುದು ಈಗ ನನ್ನ ಹುಡುಗನ ಕೆಲಸ.

ಬೋರ್ಡಿಗೆ ಮಾತ್ರ ಮಾಡೆಲ್ ಬಿಟ್ಟೇಬಿಟ್ಟಿದ್ದೇನೆ. ಅಕ್ಷರ ಅಳಿಸಿ ಖಾಲಿ ಹಲಗೆ ಮಾಡಿಸಲು ಬಳಸುತ್ತೇನೆ, ಅಷ್ಟೇ. ಆ ಅಂಗಡಿಯವರ ಮನೆಯಲ್ಲಿ ಹಳೆ ಬಿಲ್ ಪುಸ್ತಕ ಇತ್ತು. ತಲೆಬರಹ ಸ್ಕ್ಯಾನ್ ಮಾಡಿ, ‘ಅಂಗಡಿ’ ಕತ್ತರಿಸಿ, ಬೋರ್ಡಿನ ಓರೆಗೆ ಎಳೆದು ಕೂರಿಸಿ, ಮೇಲೆ ಚೂರು ಗ್ರೇನ್ ಹಾಕಿದೆ. ಎರಡನೇ ಪ್ರಿಂಟ್‌ಗೆ ದುಡ್ಡು ತಗೊಳ್ಳಲಿಲ್ಲ. ಅಜ್ಜಿ ಮೊದಲು ಬೋರ್ಡು ಓದಿದರು, ಆಮೇಲೆ ಬೆರಳು ಎಣಿಸಿದರು.