ರೇಟಿಂಗ್ ಫಾರ್ಮ್ ಮತ್ತು ಸೂತ್ರ: ಹೀತ್–ಕಾರ್ಟರ್ ಸೊಮಾಟೋಟೈಪ್‌ನ ಎರಡು ದಾರಿಗಳ ಹೋಲಿಕೆ

ದೇಹದ ರೂಪವನ್ನು ಮೂರು ಅಂಕಿಗಳಲ್ಲಿ ಹೇಳುವ ಸೊಮಾಟೋಟೈಪ್ ಪದ್ಧತಿಯಲ್ಲಿ ಮೊದಲ ಅಂಕಿ ಎಂಡೋಮಾರ್ಫಿ, ಅಂದರೆ ಕೊಬ್ಬಿನ ಪ್ರಮಾಣ. ಎರಡನೆಯದು ಮೀಸೋಮಾರ್ಫಿ, ಅಂದರೆ ಎತ್ತರಕ್ಕೆ ಹೋಲಿಸಿದಾಗ ಎಲುಬು ಮತ್ತು ಸ್ನಾಯುಗಳ ದೃಢತೆ. ಮೂರನೆಯದು ಎಕ್ಟೋಮಾರ್ಫಿ, ಅಂದರೆ ದೇಹದ ನೀಳತನ. 1940ರಲ್ಲಿ ಶೆಲ್ಡನ್ ಇದನ್ನು ಛಾಯಾಚಿತ್ರಗಳ ಆಧಾರದ ಮೇಲೆ ರೂಪಿಸಿದರು. 1967ರಲ್ಲಿ ಬಾರ್ಬರಾ ಹೀತ್ ಮತ್ತು ಲಿಂಡ್ಸೆ ಕಾರ್ಟರ್ ಪ್ರಕಟಿಸಿದ ಪರಿಷ್ಕೃತ ವಿಧಾನವು ಎತ್ತರ, ತೂಕ, ನಾಲ್ಕು ಚರ್ಮದ ಮಡಿಕೆ, ಎರಡು ಎಲುಬಿನ ಅಗಲ ಮತ್ತು ಎರಡು ಸುತ್ತಳತೆ ಎಂಬ ಹತ್ತು ಅಳತೆಗಳನ್ನು ಆಧಾರವಾಗಿಟ್ಟುಕೊಂಡಿತು. ಈ ಹತ್ತು ಅಳತೆಗಳಿಂದ ಮೂರು ಅಂಕಿಗಳನ್ನು ಪಡೆಯಲು ಎರಡು ದಾರಿಗಳಿವೆ: ಕಾಗದದ ರೇಟಿಂಗ್ ಫಾರ್ಮ್‌ನಲ್ಲಿ ಗುರುತು ಹಾಕುವುದು, ಇಲ್ಲವೇ ಕಂಪ್ಯೂಟರಿನ ಶೀಟ್‌ನಲ್ಲಿ ಸೂತ್ರ ಬರೆಯುವುದು. ಕಬಡ್ಡಿ ಆಟಗಾರರ ಅಳತೆಗಳನ್ನು ಎರಡೂ ದಾರಿಗಳಲ್ಲಿ ಲೆಕ್ಕ ಹಾಕಿ ನೋಡಿರುವ ನನಗೆ, ಇವೆರಡೂ ಒಂದೇ ಕೆಲಸವನ್ನು ಮಾಡುತ್ತವೆ ಎಂಬ ಮಾತು ಅರ್ಧ ಮಾತ್ರ ನಿಜವೆಂದು ತೋರಿದೆ.

ಒಬ್ಬ ರೈಡರ್‌ನ ಅಳತೆಗಳನ್ನು ತೆಗೆದುಕೊಳ್ಳೋಣ. ಎತ್ತರ 174.0 ಸೆಂ.ಮೀ., ತೂಕ 73.5 ಕೆ.ಜಿ. ತೋಳಿನ ಹಿಂಭಾಗದ ಮಡಿಕೆ 9.0 ಮಿ.ಮೀ., ಹೆಗಲ ಹಲಗೆಯ ಕೆಳಗಿನದು 12.0, ಸೊಂಟದ ಮುಂಭಾಗದ ಮೇಲಿನದು 8.5, ಮೀನಖಂಡದ ಒಳಬದಿಯದು 7.0. ಮೊಣಕೈ ಬಳಿ ತೋಳೆಲುಬಿನ ಅಗಲ 7.0 ಸೆಂ.ಮೀ., ಮೊಣಕಾಲ ಬಳಿ ತೊಡೆಯೆಲುಬಿನ ಅಗಲ 9.9 ಸೆಂ.ಮೀ. ಮಡಚಿ ಬಿಗಿಹಿಡಿದ ತೋಳಿನ ಸುತ್ತಳತೆ 34.5, ಮೀನಖಂಡದ ಸುತ್ತಳತೆ 37.5.

ಎಂಡೋಮಾರ್ಫಿಗೆ ಮೊದಲ ಮೂರು ಮಡಿಕೆಗಳನ್ನು ಮಾತ್ರ ಕೂಡಿಸುತ್ತೇವೆ, ಮೊತ್ತ 29.5. ಅದನ್ನು 170.18ರಿಂದ ಗುಣಿಸಿ ಎತ್ತರದಿಂದ ಭಾಗಿಸಿದರೆ 28.9 ಬರುತ್ತದೆ. ಫಾರ್ಮ್‌ನಲ್ಲಿ 27.0ರಿಂದ 31.2ರವರೆಗಿನ ಮೊತ್ತಕ್ಕೆ 3 ಎಂಬ ಅಂಕವಿದೆ, ಸೂತ್ರ 2.9 ಕೊಡುತ್ತದೆ. ಎಕ್ಟೋಮಾರ್ಫಿಗೆ ಎತ್ತರವನ್ನು ತೂಕದ ಘನಮೂಲದಿಂದ ಭಾಗಿಸಬೇಕು. ಇಲ್ಲಿ ಬರುವ 41.54ಕ್ಕೆ ಫಾರ್ಮ್ 2 ಎಂದರೆ ಸೂತ್ರ 1.8 ಎನ್ನುತ್ತದೆ. ಈ ಎರಡು ಅಂಕಿಗಳ ಮಟ್ಟಿಗೆ ದಾರಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ವ್ಯತ್ಯಾಸ ಕಾಣುವುದು ಮೀಸೋಮಾರ್ಫಿಯಲ್ಲಿ. ಇಲ್ಲಿ ಸುತ್ತಳತೆಗಳನ್ನು ನೇರವಾಗಿ ಬಳಸುವುದಿಲ್ಲ. ಆಯಾ ಮಡಿಕೆಯನ್ನು ಸೆಂಟಿಮೀಟರಿಗೆ ಬದಲಿಸಿ ಅದರಿಂದ ಕಳೆಯುತ್ತೇವೆ. ಆದ್ದರಿಂದ ತೋಳು 33.6, ಮೀನಖಂಡ 36.8 ಆಗುತ್ತದೆ. ಫಾರ್ಮ್‌ನಲ್ಲಿ ಎತ್ತರದ ಸಾಲು, ಅದರ ಕೆಳಗೆ ಎರಡು ಎಲುಬುಗಳ ಮತ್ತು ಎರಡು ಸುತ್ತಳತೆಗಳ ಸಾಲುಗಳು ಇರುತ್ತವೆ. 174.0 ಎತ್ತರದ ಕಂಬದ ನೇರಕ್ಕೆ ತೋಳೆಲುಬು 6.51, ತೊಡೆಯೆಲುಬು 9.28, ತೋಳು 29.7, ಮೀನಖಂಡ 34.7 ಎಂದು ಅಚ್ಚಾಗಿದೆ. ನಮ್ಮ ರೈಡರ್‌ನ ಅಳತೆಗಳಿಗೆ ಅತಿ ಸಮೀಪದ ಅಂಕಿಗಳಿಗೆ ಸುತ್ತುಹಾಕಿದರೆ ಎರಡೂ ಎಲುಬುಗಳು ಆ ಕಂಬದಿಂದ ಮೂರು ಮೂರು ಮನೆ ಬಲಕ್ಕೂ, ತೋಳು ಆರು ಮನೆ ಬಲಕ್ಕೂ, ಮೀನಖಂಡ ಮೂರು ಮನೆ ಬಲಕ್ಕೂ ಬೀಳುತ್ತವೆ. ಒಟ್ಟು 15, ಅದನ್ನು 8ರಿಂದ ಭಾಗಿಸಿ 4 ಕೂಡಿಸಿದರೆ 5.9, ಸಮೀಪದ ಅರ್ಧಕ್ಕೆ ತಂದರೆ 6.

ಸೂತ್ರ ಹೀಗಿದೆ. H ಎತ್ತರ, HB ಮತ್ತು FB ಎಲುಬಿನ ಅಗಲಗಳು, AG ಮತ್ತು CG ತೋಳು ಹಾಗೂ ಮೀನಖಂಡದ ಸುತ್ತಳತೆಗಳು, TS ಮತ್ತು CS ಅವುಗಳ ಮಡಿಕೆಗಳು:

```
0.858*HB + 0.601*FB + 0.188*(AG - TS/10)
+ 0.161*(CG - CS/10) - 0.131*H + 4.5
```

ಇದರಿಂದಲೂ 5.9 ಬರುತ್ತದೆ. ಫಾರ್ಮ್‌ನ ಪ್ರಕಾರ ಆಟಗಾರ 3-6-2, ಸೂತ್ರದ ಪ್ರಕಾರ 2.9-5.9-1.8. ಹಾಗಿದ್ದೂ ನಾನು ಫಾರ್ಮ್ ಅನ್ನು ಬಿಡಲಾರೆ, ಏಕೆಂದರೆ 5.9 ಎಂಬ ಅಂಕಿಯಲ್ಲಿ ಇಲ್ಲದ ಒಂದು ಸಂಗತಿ ಅದರಲ್ಲಿದೆ: ಇವನ ಎಲುಬುಗಳೂ ಮೀನಖಂಡವೂ ಎತ್ತರಕ್ಕೆ ಸಮಾನವಾಗಿ ದೃಢವಾಗಿವೆ, ತೋಳು ಮಾತ್ರ ಅವುಗಳನ್ನು ಬಹಳ ಹಿಂದೆ ಹಾಕಿದೆ. ನಾಲ್ಕೂ ಗುರುತುಗಳು ಒಂದೇ ಕಂಬದ ಆಸುಪಾಸಿನಲ್ಲಿ ಬೀಳುವ ಮತ್ತೊಬ್ಬ ಆಟಗಾರನಿಗೂ ಇದೇ 6 ಬರಬಹುದು, ಆದರೆ ಅವರಿಬ್ಬರ ದೇಹ ಒಂದೇ ಬಗೆಯದಲ್ಲ. ತರಬೇತುದಾರನಿಗೆ ಬೇಕಾದ ಮಾಹಿತಿ ಆ ಅಂತರದಲ್ಲೇ ಇದೆ.

ತಪ್ಪುಗಳು ಕಣ್ಣಿಗೆ ಬೀಳುವ ರೀತಿಯೂ ಎರಡರಲ್ಲಿ ಬೇರೆ. ಮಡಿಕೆ ಮಿಲಿಮೀಟರಿನಲ್ಲಿ, ಸುತ್ತಳತೆ ಸೆಂಟಿಮೀಟರಿನಲ್ಲಿ ಇರುವುದರಿಂದ ಹತ್ತರಿಂದ ಭಾಗಿಸುವುದನ್ನು ಬಿಟ್ಟುಬಿಡುವುದು ಶೀಟ್‌ಗಳಲ್ಲಿ ಸುಲಭವಾಗಿ ನುಸುಳುವ ದೋಷ. ಇದರ ಪರಿಣಾಮವನ್ನು ನೋಡಲೆಂದೇ ಸೂತ್ರದಿಂದ ಆ ಭಾಗಾಕಾರವನ್ನು ತೆಗೆದು ಇದೇ ಅಳತೆಗಳನ್ನು ಹಾಕಿದೆ, ಉತ್ತರ 3.4 ಬಂತು. 3.4 ಎಂಬುದು ಅನುಮಾನ ಹುಟ್ಟಿಸುವ ಅಂಕಿಯಲ್ಲ, ಎಷ್ಟೋ ಜನರ ಮೀಸೋಮಾರ್ಫಿ ಅಷ್ಟೇ ಇರುತ್ತದೆ, ಹೀಗಾಗಿ ಶೀಟ್ ನೋಡುವವರು ಅದನ್ನು ದಾಟಿ ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ಅದೇ ತಪ್ಪನ್ನು ಫಾರ್ಮ್‌ನಲ್ಲಿ ಮಾಡಿದರೆ ಎಲುಬುಗಳು ಮೂರು ಮನೆ ಬಲಕ್ಕೂ, ತೋಳು ಆರು ಮನೆ ಎಡಕ್ಕೂ, ಮೀನಖಂಡ ಐದು ಮನೆ ಎಡಕ್ಕೂ ಬೀಳುತ್ತವೆ. ಎದುರಿಗೆ ನಿಂತಿರುವ ಗಟ್ಟಿಮುಟ್ಟಾದ ಆಟಗಾರನನ್ನು ಕಂಡ ಯಾರೂ ಆ ಗುರುತುಗಳನ್ನು ಒಪ್ಪಲಾರರು.

ಸೂತ್ರ ಮೇಲುಗೈ ಪಡೆಯುವುದು ಎರಡು ಕಡೆ. ಇಡೀ ತಂಡದ ಸರಾಸರಿ ತೆಗೆಯುವಾಗ ಅರ್ಧಕ್ಕೆ ತಂದ ಅಂಕಿಗಳಿಗಿಂತ ದಶಮಾಂಶಗಳೇ ಮೇಲು. ಒಬ್ಬನನ್ನೇ ಋತುವಿನ ಆರಂಭದಲ್ಲಿ ಮತ್ತು ಕೊನೆಯಲ್ಲಿ ಅಳೆಯುವಾಗಲೂ ಹಾಗೆಯೇ: ಸರಿಪಡಿಸಿದ ಮೊತ್ತ 31.2ರಿಂದ 27.0ಕ್ಕೆ ಇಳಿದರೂ ಫಾರ್ಮ್ ಎರಡು ಸಲವೂ 3 ಎಂದೇ ಹೇಳುತ್ತದೆ, ಸೂತ್ರವಾದರೆ 3.2ರಿಂದ 2.7ಕ್ಕೆ ಆದ ಇಳಿಕೆಯನ್ನು ತೋರಿಸುತ್ತದೆ. ಆದರೆ 0.1ರ ಬದಲಾವಣೆಗೆ ನಾನು ಬೆಲೆ ಕೊಡುವುದಿಲ್ಲ. ಒಂದು ಮಡಿಕೆಯನ್ನು ಮತ್ತೊಮ್ಮೆ ಹಿಡಿದು ಕ್ಯಾಲಿಪರ್ ಇಟ್ಟರೆ ಅಷ್ಟು ಏರುಪೇರು ಸಹಜ.

ಈ ಕಾರಣಗಳಿಂದ ತಂಡದ ಲೆಕ್ಕವನ್ನು ಸೂತ್ರದಿಂದಲೇ ಮಾಡಿ, ಪ್ರತಿಯೊಬ್ಬರ ಮೀಸೋಮಾರ್ಫಿಯನ್ನು ಮಾತ್ರ ಫಾರ್ಮ್‌ನಲ್ಲೂ ಗುರುತಿಸುವುದನ್ನು ರೂಢಿಸಿಕೊಂಡಿದ್ದೇನೆ. ಎರಡರ ನಡುವೆ ಅರ್ಧಕ್ಕಿಂತ ಹೆಚ್ಚು ಅಂತರ ಬಂದರೆ ಟೈಪ್ ಮಾಡಿದ ಅಂಕಿಗಳನ್ನು ಮೂಲ ಹಾಳೆಯೊಂದಿಗೆ ತಾಳೆ ನೋಡುತ್ತೇನೆ.

ಎರಡೂ ದಾರಿಗಳು ಹಿಡಿಯಲಾರದ ಒಂದು ದೋಷವಿದೆ: ಸೊಂಟದ ಮಡಿಕೆಯನ್ನು ತಪ್ಪು ಜಾಗದಲ್ಲಿ ಹಿಡಿಯುವುದು. ಈ ಪದ್ಧತಿಗೆ ಬೇಕಾದದ್ದು ಸುಪ್ರಾಸ್ಪೈನೇಲ್. ಸೊಂಟದ ಮೂಳೆಯ ಮುಂಭಾಗದ ಮೊನೆಯಿಂದ ಕಂಕುಳಿನ ಮುಂದಿನ ಅಂಚಿಗೆ ಒಂದು ಗೆರೆ, ಅದೇ ಮೂಳೆಯ ಮೇಲಂಚಿನ ಮಟ್ಟದಲ್ಲಿ ಇನ್ನೊಂದು ಅಡ್ಡಗೆರೆ ಎಳೆದರೆ ಅವೆರಡೂ ಸೇರುವ ಬಿಂದುವೇ ಅದರ ಜಾಗ, ಮತ್ತು ಮಡಿಕೆ ಒಳಮುಖವಾಗಿ ಕೆಳಗೆ ಓರೆಯಾಗಿರಬೇಕು. ಪಕ್ಕೆಯಲ್ಲಿ, ಮೂಳೆಯ ಅಂಚಿನ ಮೇಲೆಯೇ ಹಿಡಿಯುವ ಇಲಿಯಾಕ್ ಕ್ರೆಸ್ಟ್ ಮಡಿಕೆ ಬೇರೆಯದು ಮತ್ತು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ನಮ್ಮ ರೈಡರ್‌ಗೆ 8.5ರ ಬದಲು ಅಲ್ಲಿನ 14.0 ಬರೆದರೆ ಎಂಡೋಮಾರ್ಫಿ ಎರಡೂ ದಾರಿಗಳಲ್ಲಿ 3.5 ಆಗುತ್ತದೆ, ಯಾವ ಲೆಕ್ಕವೂ ಅದನ್ನು ಪ್ರಶ್ನಿಸುವುದಿಲ್ಲ. ಇದನ್ನು ಪತ್ತೆಹಚ್ಚಲು ಇರುವ ದಾರಿಯೆಂದರೆ ಚರ್ಮದ ಮೇಲೆ ಎರಡೂ ಬಿಂದುಗಳನ್ನು ಪೆನ್ನಿನಿಂದ ಗುರುತಿಸಿ, ಎರಡೂ ಮಡಿಕೆಗಳನ್ನು ಅಳೆದು, ಹಾಳೆಯಲ್ಲಿ ಬೇರೆ ಬೇರೆ ಹೆಸರಿನ ಮನೆಗಳಲ್ಲಿ ಬರೆಯುವುದು.